ತಾರವ್ವನ ಗಿಣ್ಣದ ಊಟ

ಅಕ್ಕೋಳದ ತಾರವ್ವನ ಎಮ್ಮೆ ಈದು ಎರಡು ದಿನವಾಗಿತ್ತು. ಎಂಬತ್ತೇಳನೇ ಇಸವಿಯ ಸುಮಾರಿನ ಮಾತು. ಗಂಡ ಮಲಕಾರಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ನಾಲ್ಕು ಮಂದಿ ಕೂತು ಉಂಡದ್ದೇ ಇಲ್ಲ. ಮಕ್ಕಳಿರಲಿಲ್ಲ. ಇದ್ದದ್ದು ಒಂದು ಎಮ್ಮೆ, ಐದಾರು ಆಡು, ಒಂದು ತುಂಡು ಹೊಲ. ಸಂಜೆ ದೀಪ ಹಚ್ಚಿದರೆ ಮಾತಾಡಲು ಎಮ್ಮೆಯೇ ಗತಿ. ಈ ಸಲ ಏನನ್ನಿಸಿತೋ ಏನೋ, ಗಿಣ್ಣದ ಊಟಕ್ಕೆ ನಾಲ್ವರನ್ನು ಮನೆಮನೆಗೆ ಹೋಗಿ ಕರೆದು ಬಂದಳು.

ಆ ನಾಲ್ವರಲ್ಲಿ ಮೂವರು ಓಣಿಯವರು. ನಾಲ್ಕನೆಯವಳು ಕಬ್ಬಿನ ತೋಟದ ಗೌರಾಬಾಯಿ. ಅವಳು ಹೂಂ ಅಂದದ್ದೇ ದೊಡ್ಡದು. ಹಿಂದೊಮ್ಮೆ ಅವಳ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ತಾರವ್ವನಿಗೂ ಕರೆ ಬಂದಿತ್ತು. ಕೂಸಿಗೆ ಜ್ವರ ಬಂದು ಕಾರ್ಯ ಮುಂದಕ್ಕೆ ಹೋಯಿತು. ಊರಿಗೆಲ್ಲ ಹೇಳಿ ಕಳಿಸಿದರು, ತಾರವ್ವನನ್ನು ಮಾತ್ರ ಮರೆತರು! ಅವಳು ಕೂಸಿನ ತಲೆಗೆಂದು ಕೈಯಾರೆ ಹೊಲಿದ ಕುಂಚಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತೋಟದ ಮನೆಗೆ ನಡೆದರೆ, ಬಾಗಿಲಿಗೆ ಬೀಗ. ಬಾವಿಯ ಹತ್ತಿರದ ಆಳು, 'ಯಾರೂ ಇಲ್ರಿ, ಹೋಗ್ರಿ' ಅಂದ. ಆ ದಿನದಿಂದ ಇಬ್ಬರಿಗೂ ಮಾತಿಲ್ಲ. ಮೊನ್ನೆ ತಾರವ್ವ ತಾನೇ ಸೋತು ಅವಳ ಬಾಗಿಲಿಗೆ ಹೋಗಿ ಕರೆದಿದ್ದಳು. 'ಮಗಳ ಮನೀಗಿ ನಿಪ್ಪಾಣಿಗೆ ಹೊಂಟೀನಿ. ಊಟದ ಹೊತ್ತಿಗೆ ಬಸ್ಸಿಗೆ ಬರ್ತೀನಿ' ಅಂದಿದ್ದಳು ಗೌರಾಬಾಯಿ.

ಊಟದ ದಿನ ಬೆಳಿಗ್ಗೆ ತಾರವ್ವ ಬೆಲ್ಲ ಕುಟ್ಟುತ್ತಿದ್ದಳು. ಹಳದಿಗೆ ತಿರುಗಿದ ದಪ್ಪ ಹಾಲು ಹಿತ್ತಾಳೆ ಪಾತ್ರೆಯಲ್ಲಿ ಸಿದ್ಧವಿತ್ತು. ಹೊರಗೆ ಸೈಕಲ್ಲಿನ ಗಂಟೆ. ಗಂಡನ ಭಾವಬಂದರ, ಅಂದರೆ ದಾಯಾದಿಗಳ ಹುಡುಗ ಹಾಲಸಿದ್ದ, ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ. ಇಳಿಯಲೂ ಇಲ್ಲ.

'ಕಾಕು, ಕಬ್ಬೂರಾಗ ಸಿದರಾಯ ಮುತ್ಯಾ ನಿನ್ನೆ ತೀರಿಕೊಂಡ. ಮಣ್ಣೂ ಮುಗೀತು. ನಾ ಸಂತಿಗೆ ಹೊಂಟಿದ್ದೆ, ಹಾದ್ಯಾಗ ಹೇಳಿ ಹೋಗಂದ್ರು.'

ಹೋದ. ತಾರವ್ವ ಬೆಲ್ಲದ ಕೈಯಲ್ಲೇ ಕೂತಳು. ಮಲಕಾರಿ ಸತ್ತಾಗ ಆ ಸಿದರಾಯ ಬಂದು ಒಂದು ಕಣ್ಣೀರು ಹಾಕಿದವನಲ್ಲ. ಮಣ್ಣಿಗಾದರೂ ಇವಳನ್ನು ಕಾದರೇ? ಹಾದಿಯಲ್ಲಿ ಹೇಳಿ ಹೋಗುವಷ್ಟು ಬೆಲೆ! ಆದರೂ ಸೂತಕ ಸೂತಕವೇ. ಸೂತಕದ ಮನೆಯಲ್ಲಿ ಹೊರಗಿನವರು ನೀರೂ ಮುಟ್ಟುವುದಿಲ್ಲ. ಗಿಣ್ಣವನ್ನು ಡಬ್ಬಿಗೆ ಹಾಕಿ ಅವರವರ ಮನೆಗೆ ಕಳಿಸೋಣವೆಂದರೂ ಬರುವುದಿಲ್ಲ.

ಹಾಲಸಿದ್ದ ಬಂದದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಸಂಜೆಗೆ ಬಂದನೆಂದು ಹೇಳಿದರಾಯಿತಲ್ಲ? ಮನಸ್ಸು ಒಮ್ಮೆ ಅತ್ತ ಜಗ್ಗಿತು. ಇಷ್ಟು ವರ್ಷಕ್ಕೆ ಗೌರಾಬಾಯಿ ಬರುತ್ತಿದ್ದಾಳೆ, ಇವತ್ತು ತಪ್ಪಿದರೆ ಹಳೆಯ ಸೇಡು ತೀರಿಸಿಕೊಂಡಳು ಅಂದುಕೊಳ್ಳುತ್ತಾಳೆ. ಆದರೆ ಬೀಗದ ಬಾಗಿಲ ಮುಂದೆ ನಿಂತವಳಿಗೆ ಗೊತ್ತು, ನಂಬಿ ಬಂದವರಿಗೆ ಮೋಸ ಮಾಡಬಾರದೆಂದು. ಕೈ ತೊಳೆದು, ಸೆರಗು ಹೊದ್ದು ಎದ್ದಳು. ಯಾರ ಕೈಯಲ್ಲೂ ಹೇಳಿ ಕಳಿಸಬಾರದು, ಕರೆದ ಬಾಯೇ ಹೋಗಿ ಹೇಳಬೇಕು.

ಮೊದಲು ಸಾವಕ್ಕನ ಮನೆ. ಸಾವಕ್ಕ ಬೀಡಿ ಕಟ್ಟುವವಳು. ಊಟಕ್ಕೆ ಬಿಡುವಾಗಲೆಂದು ಹಿಂದಿನ ದಿನವೇ ಹೆಚ್ಚಿಗೆ ಕಟ್ಟಿ, ಇವತ್ತು ಎಲೆ ನೆನೆಹಾಕಿರಲಿಲ್ಲ. ತಾರವ್ವ ಅಂಗಳದಾಚೆ ನಿಂತೇ ಕೂಗಿದಳು.

'ಒಳಗ ಬಾರಬೇ, ಹೊರಗ್ಯಾಕ ನಿಂತಿ?'

'ನಾ ಬರಬಾರದವಾ. ಕಬ್ಬೂರಾಗ ನಮ್ಮ ಭಾವಬಂದರಾಗ ಸಾವಾಗೈತಿ. ಇವತ್ತಿನ ಊಟ ಆಗಂಗಿಲ್ಲ. ನನ್ನ ಸಲುವಾಗಿ ನೀ ನಿನ್ನೆ ಎರಡರಷ್ಟು ಕೆಲಸ ಮಾಡಿದಿ, ಅದು ನನಗ ಗೊತ್ತೈತಿ. ಹೊತ್ತು ಇನ್ನೂ ಏರಿಲ್ಲ, ಈಗ ಎಲಿ ನೆನಿ ಹಾಕಿದರ ಅರ್ಧ ದಿನದ ಬೀಡಿ ಆದರೂ ಕೈಗೆ ಹತ್ತತಾವು. ಅದಕ್ಕ ನಿನ್ನ ಮನೀಗೆ ಮೊದಲ ಬಂದೆ.'

ಸಾವಕ್ಕ ಎಲೆಯ ಕಟ್ಟು ಬಿಚ್ಚಿ ನೀರಿಗೆ ಹಾಕಿದಳು. ಆಮೇಲೆ, 'ಮತ್ತ ಯಾವಾಗ ಕರೀತಿ?' ಅಂದಳು.

'ಇಂಥಾ ದಿನ ಅಂತ ಈಗ ಹೇಳಂಗಿಲ್ಲ. ಸೂತಕ ಕಳೀಲಿ, ನಾನ ಬಂದು ಕರೀತೀನಿ. ಅಷ್ಟರಾಗ ಗಿಣ್ಣ ಇರೂದಿಲ್ಲ, ಹಾಲಿನ್ಯಾಗ ಏನಾರ ಮಾಡ್ತೀನಿ.'

ಸತ್ತೆವ್ವ ಮುದುಕಿಗೆ ಹಲ್ಲಿಲ್ಲ. ಗಿಣ್ಣ ತಿನ್ನಬೇಕೆಂದು ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟು ಕಟ್ಟೆಯ ಮೇಲೆ ಕೂತಿದ್ದಳು, ಹೊಸ ಸೀರೆ ಉಟ್ಟು! ತಾರವ್ವ ಓಣಿಯ ನಡುವೆ ನಿಂತು ಅದೇ ಸುದ್ದಿ ಹೇಳಿದಳು. 'ನಿನಗಂತನ ಬಟ್ಟಲು ಬ್ಯಾರೆ ಇಟ್ಟಿದ್ದೆ ಯವ್ವಾ, ಮೆತ್ತಗ ಮಾಡಾಕ. ಈಗ ಒಳಗ ಹೋಗಿ ಏನಾರ ಉಣ್ಣು. ನೀ ಹಸದು ಕುಂತರ ನನಗ ಸಮಾಧಾನ ಆಗಂಗಿಲ್ಲ.' ಮುದುಕಿ ಎದ್ದು ಒಳಗೆ ಹೋಗುವವರೆಗೂ ಅಲ್ಲೇ ನಿಂತಳು.

ಮೂರನೆಯ ಮನೆಯ ಅಕ್ಕವ್ವನ ಬಾಯಿ ಮಾತ್ರ ಸುಮ್ಮನಿರುವಂಥದ್ದಲ್ಲ. 'ಸಿದರಾಯ ಯಾವ ಕಾಲಕ್ಕ ನಿಮ್ಮವ ಆಗಿದ್ದಬೇ? ಹೇಳದಿದ್ದರ ಯಾರಿಗೆ ತಿಳೀತಿತ್ತು?'

'ನನಗ ತಿಳದಿತ್ತಲ್ಲವಾ. ತಿಳದೂ ನಿನಗ ಉಣಿಸಿ ಕಳಿಸಿದ್ರ, ನಾಳೆ ನಿನ್ನ ಮುಖ ಹೆಂಗ ನೋಡ್ಲಿ?'

ಅಕ್ಕವ್ವ ಮೂಗು ಮುರಿದಳು, ಆದರೂ 'ಎಮ್ಮಿಗೆ ಮೇವು ಬೇಕಾದ್ರ ಕೂಗು' ಅಂದಳು.

ಇನ್ನು ಉಳಿದದ್ದು ಬಸ್ ನಿಲ್ದಾಣ. ಬಸ್ಸು ಬಂತು, ಗೌರಾಬಾಯಿ ಇಳಿದಳು. ಕೈಯಲ್ಲಿ ಕಾಗದದ ಪೊಟ್ಟಣ, ತಲೆತುಂಬ ಹೂವು. ಊಟಕ್ಕೆ ಬರುವ ಮುಖವೇ ಬೇರೆ. ತಾರವ್ವ ಎದುರಿಗೆ ಹೋಗದೆ ದೂರದಲ್ಲೇ ನಿಂತಳು. ಗೌರಾಬಾಯಿಯ ನಗು ಅಲ್ಲೇ ಆರಿತು.

'ಏನಾತ ತಾರವ್ವ? ಕರದು ದೂರ ನಿಂತಿ?'

'ಕಬ್ಬೂರಾಗ ಸಾವಾಗೈತ್ರಿ. ಸೂತಕ ಬಂತು. ಊಟ ಇಲ್ರಿ ಇವತ್ತ.' ತಾರವ್ವ ನಿಂತಲ್ಲಿಂದಲೇ ಕೈ ಮುಗಿದಳು. 'ನೀವು ಮಗಳ ಮನಿಯಿಂದ ಎದ್ದು ಬಂದೀರಿ. ನಿಮ್ಮನ್ನ ಅಲ್ಲೇ ನಿಂದರಸಾಕ ನನಗ ದಾರಿ ಇರಲಿಲ್ಲ. ಮನೀ ತನಕ ಬಂದು, ಬಾಗಿಲದಾಗ ನಿಂತು ತಿಳೀಬಾರದು ಅಂತ ಇಲ್ಲಿಗೇ ಬಂದೀನ್ರಿ.'

ಬಾಗಿಲು ಅಂದ ಮಾತು ಇಬ್ಬರಿಗೂ ತಾಗಿತು. ತಾರವ್ವ ಬೇಕೆಂದು ಅಂದದ್ದಲ್ಲ. ಬಸ್ಸು ಹೋಯಿತು, ಧೂಳು ಕೂತಿತು. ಗೌರಾಬಾಯಿ ಪೊಟ್ಟಣ ಸೆರಗಿನೊಳಗೆ ಸೇರಿಸಿ, ತೋಟದ ಹಾದಿ ಹಿಡಿದಳು. ಒಂದು ಮಾತು ಇಲ್ಲ, ಕತೆ ಇಲ್ಲ.

ಮುಗಿಯಿತು ಅಂದುಕೊಂಡಳು ತಾರವ್ವ. ಮನೆಗೆ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ಕುಟ್ಟಿದ ಬೆಲ್ಲ ಡಬ್ಬಿಗೆ ತುಂಬಿದಳು. ಪಾತ್ರೆಯ ಹಾಲನ್ನು ಹಿತ್ತಿಲ ಗಿಡಕ್ಕೆ ಹೊಯ್ದಳು. ಸಂಜೆ ಕರು ಬಿಟ್ಟಳು, ಹಿಂಡಲಿಲ್ಲ. ಅದು ಬಾಯಿತುಂಬ ನೊರೆ ಮಾಡಿಕೊಂಡು ಕುಡಿಯಿತು. 'ಕುಡಿ, ಎಲ್ಲಾ ನಿಂದ' ಅಂದಳು. ಗೋಡೆಗೆ ಒರಗಿಸಿಟ್ಟ ನಾಲ್ಕು ತಾಟುಗಳ ಕಡೆ ನೋಡಿದಾಗ ಮಾತ್ರ ಅಳು ತಡೆಯಲಿಲ್ಲ. ಸತ್ತ ಸಿದರಾಯನಿಗಾಗಿ ಅಲ್ಲ, ತನಗಾಗಿಯೇ ಅತ್ತಳು.

'ತಾರವ್ವ.'

ಬೇಲಿಯಾಚೆ ಗೌರಾಬಾಯಿ. ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಒಳಗೆ ಬರಲಿಲ್ಲ. ಬೇಲಿಯ ಕಲ್ಲಿನ ಮೇಲೆ ಗಂಟು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

'ರೊಟ್ಟಿ, ಝುಣಕಾ ತಂದೀನಿ. ಸಾವಿನ ಮನೀಗೆ ಬುತ್ತಿ ಒಯ್ಯೂದು ಪದ್ಧತಿ ಐತಿ.'

'ಸಾವಿನ ಮನಿ ಕಬ್ಬೂರಾಗ ಐತ್ರಿ. ನನ್ನನ್ನ ಅವರು ಮಣ್ಣಿಗೂ ಕರೀಲಿಲ್ಲ.'

'ನಾ ಕಬ್ಬೂರಿಗೆ ತಂದಿಲ್ಲ.' ಗೌರಾಬಾಯಿಯ ದನಿ ಒಡೆಯಿತು. 'ಅವತ್ತ ನಾನೂ ಬಂದು ಹೇಳಬೇಕಾಗಿತ್ತು. ತೋಟದಿಂದ ನಿನ್ನ ಮನಿ ಎಷ್ಟರ ದೂರ ಇತ್ತು? ಬರಲಿಲ್ಲ ನಾ. ನಿನ್ನ ಮನ್ಯಾಗ ನಾ ಉಣಬಾರದು, ಖರೆ. ನನ್ನ ಮನಿ ರೊಟ್ಟಿ ನೀ ಉಣಬಹುದಲ್ಲ?'

ತಾರವ್ವ ಹೋಗಿ ಗಂಟು ಬಿಚ್ಚಿದಳು. ರೊಟ್ಟಿ ಇನ್ನೂ ಬಿಸಿಯಿತ್ತು. ಗೌರಾಬಾಯಿ ಬೇಲಿಯಾಚೆ ಓಣಿಯ ಕಲ್ಲಿನ ಮೇಲೆ ಕೂತಳು. ತಾರವ್ವ ಈಚೆ ಅಂಗಳದಲ್ಲಿ ಕೂತು ತುತ್ತು ಮುರಿದಳು. ಕಣ್ಣೀರಿಗೆ ಝುಣಕದ ಖಾರವೇ ನೆಪವಾಯಿತು.

'ನೀವು ಹೋಗ್ರಿ, ಕತ್ತಲಾತು' ಅಂದಳು ತಾರವ್ವ.

'ಉಣ್ಣು ಮೊದಲ' ಅಂದಳು ಗೌರಾಬಾಯಿ, ಎದ್ದು ಹೋಗಲಿಲ್ಲ.