ಗೋಧಿ ಬೀಳದ ಕಲ್ಲು

ನಮ್ಮ ಹಿಟ್ಟಿನ ಗಿರಣಿ ಪುಣೆಯ ಸದಾಶಿವ ಪೇಠೆಯಲ್ಲಿ, ವಾಡೆ ಅನ್ನುವ ಹಳೆಯ ದೊಡ್ಡ ಮನೆಯೊಂದರ ಕೆಳಗಿದೆ. ಅಪ್ಪ ಅವ್ವ ವಿಜಾಪುರದ ಕಡೆಯಿಂದ ಬಂದು ಶುರು ಮಾಡಿದ್ದು. ಅಪ್ಪ ಬೀಸುತ್ತಿದ್ದ, ಅವ್ವ ತಕ್ಕಡಿಯ ಮುಂದೆ ಕೂತು ಗಿರಾಕಿಗಳು ಕಾಳು ತುಂಬಿ ತಂದ ಡಬ್ಬಿ ತೂಗುತ್ತಿದ್ದಳು. ಡಬ್ಬಿಯ ಮೇಲೆ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. ಮುಚ್ಚಳ ನೋಡಿಯೇ ಯಾವ ಮನೆಯದೆಂದು ಹೇಳಿಬಿಡುತ್ತಿದ್ದಳು. ಅಪ್ಪನಿಗೋ, ಬೀಳುತ್ತಿರುವ ಹಿಟ್ಟನ್ನು ಎರಡು ಬೆರಳ ನಡುವೆ ಒಮ್ಮೆ ತಿಕ್ಕಿದರೆ ಸಾಕು, ಕಲ್ಲು ಎಷ್ಟು ಬಿಗಿಯಾಗಿದೆ ಎಂದು ತಿಳಿಯುತ್ತಿತ್ತು. ಬಿಗಿ ಹೆಚ್ಚಾದರೆ ಹಿಟ್ಟು ಕಾಯುತ್ತದೆ. ಕಾದ ಜೋಳದ ಹಿಟ್ಟಿಗೆ ಜಿಗುಟು ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ನನಗೆ ಗೊತ್ತಿರುವ ಬೀಸುವ ವಿದ್ಯೆಯೆಲ್ಲ ಅವನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವನ ತಪ್ಪೊಂದನ್ನು ಹೇಳಬೇಕಿದೆ.

ಗಿರಣಿ ನನ್ನ ಕೈಗೆ ಬರುವ ಹೊತ್ತಿಗೆ ಡಬ್ಬಿ ಹೊತ್ತು ಬರುವವರೇ ಕಡಿಮೆಯಾಗಿದ್ದರು. ಎಲ್ಲರಿಗೂ ಪ್ಯಾಕೆಟ್ ಹಿಟ್ಟು ಬೇಕು. ನಡೆದಷ್ಟು ದಿನ ನಡೆಯಲಿ ಎಂದು ಅಪ್ಪ ಅನ್ನುತ್ತಿದ್ದ. ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ.

ಒಂದು ದಿನ ಹೆಂಗಸೊಬ್ಬಳು ಬಂದು ಜೋಳದ ಹಿಟ್ಟು ಕೇಳಿದಳು. ಗೋಧಿ ಬೆರೆತಿಲ್ಲ ತಾನೇ ಎಂದಳು. ಇಲ್ಲ ಎಂದೆ. ಇದಕ್ಕೆ ಮೊದಲು ಇದೇ ಕಲ್ಲಿನಲ್ಲಿ ಏನು ಬೀಸಿದಿರಿ ಎಂದು ಕೇಳಿದಳು. ಗೋಧಿ ಎಂದೆ. ಅವಳ ಎಂಟು ವರ್ಷದ ಮಗಳಿಗೆ ಗೋಧಿ ಆಗಿಬರುವುದಿಲ್ಲವಂತೆ. ಚಿಟಿಕೆಯಷ್ಟು ಹೊಟ್ಟೆಗೆ ಹೋದರೂ ಕರುಳಿಗೆ ಪೆಟ್ಟು, ಊಟ ಮೈಗೆ ಹತ್ತುವುದಿಲ್ಲ, ಮಗು ಬೆಳೆಯುವುದಿಲ್ಲ. ಗೋಧಿಯ ಹಿಂದೆ ಜೋಳ ಹಾಕಿದರೆ ಕಲ್ಲಿನ ಗೆರೆಗಳಲ್ಲಿ ಉಳಿದ ಗೋಧಿ ಹಿಟ್ಟು ಜೋಳಕ್ಕೆ ಸೇರುತ್ತದೆ ಎನ್ನುವುದು ಗಿರಣಿಯವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಅದರಿಂದ ಯಾರಿಗಾದರೂ ತೊಂದರೆಯಾದೀತು ಎಂದು ನಾವು ಯೋಚಿಸಿರಲಿಲ್ಲ, ಅಷ್ಟೇ. ಆಕೆ ಹಿಟ್ಟು ಒಯ್ಯದೆ ಹೋದಳು.

ಆ ವರ್ಷವೇ ಹಿಂದಿನ ಕೋಣೆಯಲ್ಲಿದ್ದ ಖಾಲಿ ಚೀಲಗಳನ್ನೆಲ್ಲ ಹೊರಗೆ ಹಾಕಿ, ಗೋಡೆ ತೊಳೆಸಿ, ಹೊಸ ಗಿರಣಿ ಕೂರಿಸಿದೆ. ಅದರಲ್ಲಿ ಜೋಳ, ಸಜ್ಜೆ, ರಾಗಿ ಮಾತ್ರ. ಗೋಧಿ ಹಿಟ್ಟು ಗಾಳಿಯಲ್ಲಿ ಹಾರಿ ಬಂದು ಕೂರುತ್ತದೆಂದು ಬಿಗಿಯಾಗಿ ಮುಚ್ಚುವ ಬಾಗಿಲು ಹಾಕಿಸಿದೆ. ಜರಡಿ ಬೇರೆ, ಕಸಬರಿಗೆ ಬೇರೆ, ಮೈಮೇಲಿನ ಅಂಗಿಯೂ ಬೇರೆ. ಜೋಳದ ಚೀಲದಲ್ಲೇ ಗೋಧಿ ಕಾಳು ಸೇರಿರುತ್ತದಾದ್ದರಿಂದ ಬೀಸುವ ಮುಂಚೆ ತಟ್ಟೆಗೆ ಹಾಕಿ ಆರಿಸುತ್ತಿದ್ದೆವು. ಆಗಾಗ ಹಿಟ್ಟಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆ. ಅಪ್ಪನಿಗೆ ಇದೆಲ್ಲ ತಮಾಷೆ. ಬಂದವರಿಗೆಲ್ಲ, ನನ್ನ ಮಗಳು ಕಲ್ಲಿಗೂ ಮಡಿ ಉಡಿಸಿದ್ದಾಳೆ ನೋಡಿ ಎಂದು ನಗುತ್ತಿದ್ದ. ನಗಲಿ ಬಿಡಿ. ಗೋಧಿಯಿಲ್ಲದ ಬಿಸ್ಕತ್ತು ಮಾಡುವ ಪುಣೆ ಕ್ಯಾಂಪಿನ ಬೇಕರಿಯವರು ಹುಡುಕಿಕೊಂಡು ಬಂದರು. ಪ್ರಯೋಗಾಲಯದ ವರದಿ ತೋರಿಸಿದ ಮೇಲೆ ಆ ಎಂಟು ವರ್ಷದವಳ ಅಮ್ಮನೂ ಬಂದಳು. ಅಪ್ಪ ಅವ್ವ ಕಟ್ಟಿದ ಗಿರಣಿಯಲ್ಲಿ ಇದು ನನ್ನದು ಎಂದು ಹೇಳಿಕೊಳ್ಳುವಂಥದ್ದು ನನಗೂ ಒಂದಾಯಿತು. ಅದರ ಹೆಮ್ಮೆ ನನಗೆ ಭಾಳ ಇತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಒಂದು ದಿನ ಜೋಳ ನೋಡಲು ಬಾರಾಮತಿಯ ಕಡೆ ಹೋಗಿದ್ದೆ. ಮರಳಿ ಬಂದಾಗ ಸಂಜೆ ನಾಲ್ಕು. ಹಿಂದಿನ ಕೋಣೆಯ ಕಸದ ಡಬ್ಬಿಯಲ್ಲಿ ಕೆಂಪು ತೌಡಿನ ಚೂರುಗಳು ಕಂಡವು. ಜೋಳಕ್ಕೆ ಅಂಥ ತೌಡು ಬರುವುದಿಲ್ಲ. ಕೈಯಲ್ಲಿ ಹಿಡಿದು ಅಪ್ಪನ ಹತ್ತಿರ ಹೋದೆ. ಅವನು ಖುಷಿಯಿಂದಲೇ ಹೇಳಿದ. ಕಲ್ಲು ಸವೆದು ಹಿಟ್ಟು ತರಿತರಿ ಬರುತ್ತಿತ್ತಂತೆ. ಟಾಕಿ ಹಾಕುವವನನ್ನು ಕರೆಸಿ ಉಳಿಯಿಂದ ಗೆರೆಗಳನ್ನು ಮತ್ತೆ ಕೊರೆಸಿದ್ದನಂತೆ. ಹೊಸದಾಗಿ ಕೊರೆದ ಕಲ್ಲಿನಲ್ಲಿ ಪುಡಿ ಉಳಿದಿರುತ್ತದೆ, ಅದು ಹೋಗದಿದ್ದರೆ ರೊಟ್ಟಿಯಲ್ಲಿ ಕರಕರ ಅನ್ನುತ್ತದೆ. ಅದಕ್ಕೇ ಜೀವಮಾನವಿಡೀ ಮಾಡಿದಂತೆ ಎರಡು ಸೇರು ಗೋಧಿ ಹಾಕಿ ಬೀಸಿ ಚೆಲ್ಲಿದ್ದ. ನಾನಾಗಿದ್ದರೆ ಜೋಳವನ್ನೇ ಹಾಕುತ್ತಿದ್ದೆ. ಆಮೇಲೆ ಅಂದಿನ ಜೋಳ ಬೀಸಿ, ಚೀಲ ಕಟ್ಟಿ, ಹನ್ನೊಂದು ಮನೆಗಳಿಗೆ ಮಧ್ಯಾಹ್ನದೊಳಗೆ ಮುಟ್ಟಿಸಿಯೂ ಆಗಿತ್ತು.

ನನ್ನ ಸಿಟ್ಟು ನೆತ್ತಿಗೇರಿತು. ಏನೇನು ಅಂದೆನೋ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಎಲ್ಲರಿಗೂ ಫೋನ್ ಮಾಡಿ ಹಿಟ್ಟು ವಾಪಸ್ ತರಿಸುತ್ತೇನೆ ಎಂದಾಗ ಅಪ್ಪನ ಮುಖ ಕೆಂಪಾಯಿತು.

“ಒಂದ್ ಹಿಡಿ ಗೋಧಿ ಉಳಿದಿದ್ರ ಏನಾಗ್ತದ? ನಾವಽ ಫೋನ್ ಮಾಡಿ ನಮ್ಮ ಹಿಟ್ಟು ಸರಿ ಇಲ್ಲ ಅಂತ ಹೇಳಿದ್ರ, ನಾಳೆ ಈ ಬಾಗಿಲಿಗೆ ಯಾರ್ ಬರ್ತಾರ?”

ಅವನ ಹೆದರಿಕೆ ಸುಳ್ಳಲ್ಲ. ಗಿರಣಿಯ ಬಂಡವಾಳವೆಂದರೆ ನಂಬಿಕೆಯೊಂದೇ, ಮಾತು ಹಬ್ಬಿದರೆ ಹಿಂದಿನ ಕೋಣೆಗೆ ಬೀಗ ಹಾಕಬೇಕು, ಮುಂಭಾಗದ ಹಳೆಯ ಗಿರಣಿಗಳಿಗೂ ಮಸಿ ತಗಲುತ್ತದೆ. ಇದೆಲ್ಲ ನನಗೂ ಗೊತ್ತಿತ್ತು. ಆದರೂ ಮೊದಲು ಗೋಧಿ ಆಗದ ಆ ಹುಡುಗಿಯ ಮನೆಗೇ ಫೋನ್ ಹಚ್ಚಿದೆ.

ಶಾಲೆಯಿಂದ ಬಂದವಳು ಅದೇ ಹಿಟ್ಟಿನ ಬಿಸಿ ರೊಟ್ಟಿ ಈಗಷ್ಟೇ ತಿಂದಳು ಎಂದಳು ಅವಳ ಅಮ್ಮ. ನಾನು ನಡೆದದ್ದನ್ನು ಇದ್ದಂತೆ ಹೇಳಿದೆ. ಆ ಕಡೆ ಫೋನ್ ಇಟ್ಟ ಸದ್ದು ಕೇಳಿತು. ಉಳಿದ ಹತ್ತು ಮನೆಗಳಲ್ಲಿ ಇನ್ನೂ ಚೀಲ ಬಿಚ್ಚಿರಲಿಲ್ಲ. ಒಬ್ಬರು ಬೈದರು, ಕೆಲವರು ಇನ್ನು ನಿಮ್ಮ ಹಿಟ್ಟು ಬೇಡವೆಂದರು. ರಿಕ್ಷಾ ಹಿಡಿದು ಎಲ್ಲ ಚೀಲ ವಾಪಸ್ ತಂದೆ.

ಹುಡುಗಿಗೆ ಎರಡು ದಿನ ಹೊಟ್ಟೆನೋವಿತ್ತು. ಆ ಎರಡು ದಿನ ಅಪ್ಪ ಊಟಕ್ಕೆ ಕೂತು ಹಾಗೇ ಏಳುತ್ತಿದ್ದ. ನೋವು ನಿಂತಿತು ಎಂದು ಸುದ್ದಿ ಬಂದ ದಿನ ಯಾರಿಗೂ ಹೇಳದೆ ಹಿಂದಿನ ಕೋಣೆಗೆ ಹೋಗಿ ಗಿರಣಿ ಬಿಚ್ಚಿದ. ಮೇಲಿನ ಕಲ್ಲು ಎತ್ತಿಸಿ, ಗೆರೆಗಳನ್ನು ಒಂದೊಂದಾಗಿ ತಂತಿಯ ಬ್ರಶ್‌ನಿಂದ ಉಜ್ಜಿದ. ಹಿಟ್ಟು ಇಳಿಯುವ ಬಟ್ಟೆಯ ಕೊಳವೆ ಬದಲಿಸಿದೆವು. ಹತ್ತು ಕಿಲೋ ಜೋಳ ಬೀಸಿ ದನಗಳಿಗೆ ಹಾಕಿಸಿದೆವು. ನಂತರದ ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಿ, ಗೋಧಿಯ ಅಂಶ ಸಿಕ್ಕಿಲ್ಲವೆಂಬ ವರದಿ ಬರುವವರೆಗೂ ಒಂದು ಚೀಲವನ್ನೂ ಮಾರಲಿಲ್ಲ.

ವರದಿ ಬಂದ ವಾರ ಹುಡುಗಿಯ ಅಮ್ಮ ಬಂದಳು. ನಗಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಕೋಣೆ ನೋಡಬೇಕೆಂದಳು. ತೋರಿಸಿದೆ. ಜರಡಿ, ಕಸಬರಿಗೆ, ಕಲ್ಲು ಎಲ್ಲವನ್ನೂ ನೋಡಿದಳು. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂದಳು. ಎರಡು ಕಿಲೋ ಒಯ್ದಳು. ಬಿಟ್ಟುಹೋದವರಲ್ಲಿ ಮೂವರು ಇವತ್ತಿಗೂ ಬಂದಿಲ್ಲ, ಅವರ ಮೇಲೆ ನನಗೆ ಬೇಸರವಿಲ್ಲ.

ದೀಪಾವಳಿಯ ಮುಂಚೆ ಮುಂಭಾಗದ ಗಿರಣಿಗಳ ಎದುರು ಸಾಲು ರಸ್ತೆಯವರೆಗೆ ನಿಂತಿತ್ತು. ಅವಸರದಲ್ಲಿದ್ದ ಹಳೆಯ ಗಿರಾಕಿಯೊಬ್ಬರು, ಅಪ್ಪನ ಸ್ನೇಹಿತರೇ, ಹಿಂದಿನ ಗಿರಣಿ ಖಾಲಿ ಇದೆಯಲ್ಲ, ನನ್ನ ಗೋಧಿ ಅಲ್ಲಿ ಬೀಸಿಕೊಡು ಎಂದು ಅಪ್ಪನನ್ನು ಒತ್ತಾಯಿಸಿದರು. ಮಾಲಕ ನೀನೇ, ನಿನ್ನನ್ನು ಯಾರು ಕೇಳುತ್ತಾರೆ ಎಂದೂ ಅಂದರು. ನಾನು ಒಳಗೆ ಜೋಳ ಆರಿಸುತ್ತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪನ ದನಿ ಕೇಳಿತು.

“ಆ ಗಿರಣಿ ನಂದಲ್ಲ್ರೀ, ನನ್ನ ಮಗಳು ಕಟ್ಟಿದ್ದು. ಅಲ್ಲಿ ಗೋಧಿ ಹಾಕೂದು ನನ್ನ ಕೈಯಾಗಿಲ್ಲ.”