ಗೊಬ್ಬರ ಕಾಣದ ತಾಕು

ಬೇಸಾಯಶಾಸ್ತ್ರ ವಿಭಾಗದಲ್ಲಿ ಅಕ್ಕ ಎಂದರೆ ಒಬ್ಬಳೇ. ಹನ್ನೆರಡು ವರ್ಷ ಬೀಜದ ಕಚೇರಿಯಲ್ಲಿ ದುಡಿದು, ಓದಿಗೆಂದು ರಜೆ ಪಡೆದು, ಮಕ್ಕಳಂಥವರ ಜೊತೆ ಎಂ.ಎಸ್ಸಿ.ಗೆ ಕೂತ ಗಟ್ಟಿಗಿತ್ತಿ. ರಜೆ ಮುಗಿಯಲು ಇನ್ನು ಹತ್ತೇ ದಿನ. ಅಷ್ಟರೊಳಗೆ ಪ್ರಬಂಧಕ್ಕೆ ಗೈಡ್ ಸಹಿ ಬೀಳದಿದ್ದರೆ ಎರಡು ವರ್ಷದ ಓದು ನೀರುಪಾಲು.

ಸಿಕ್ಕಿಬಿದ್ದದ್ದು ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ. ಹಾಕಿದ ಒಂದು ಕಿಲೋ ಸಾರಜನಕಕ್ಕೆ ಮೆಕ್ಕೆಜೋಳ ಎಷ್ಟು ಕಾಳು ಕೊಡುತ್ತದೆ ಎಂದು ಹಿಂದಿನವರು ಕಂಡುಕೊಂಡದ್ದನ್ನು ಅವಳು ಒಂದು ಕೋಷ್ಟಕದಲ್ಲಿ ಜೋಡಿಸಿದ್ದಳು. ಒಬ್ಬರದು ಇಪ್ಪತ್ತೆರಡು ಕಿಲೋ, ಇನ್ನೊಬ್ಬರದು ಐವತ್ತೆಂಟು. ಕೆಳಗೆ ‘ಸಂಶೋಧಕರಲ್ಲಿ ಒಮ್ಮತವಿಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದಳು.

ಗೈಡ್ ಮೇಷ್ಟ್ರು ಆ ಸಾಲಿಗೆ ಪೆನ್ಸಿಲಿನಿಂದ ಸುತ್ತು ಹಾಕಿದರು.

"ಜಗಳ ಅವರ ಮಧ್ಯೆ ಇಲ್ಲಮ್ಮ, ನೀವು ತಂದಿಟ್ಟಿದ್ದು. ಯಾರ್ಯಾರು ಹೇಗೆ ಲೆಕ್ಕ ಹಾಕಿದಾರೆ ನೋಡಿದ್ರಾ?"

ನೋಡಿರಲಿಲ್ಲ. ಸಾರಾಂಶ ಓದಿ ಅಂಕಿ ಎತ್ತಿಕೊಂಡಿದ್ದಳು. ಅವಮಾನ ನುಂಗಿಕೊಂಡು ಗ್ರಂಥಾಲಯಕ್ಕೆ ಹೋಗಿ, ಕೋಷ್ಟಕದಲ್ಲಿದ್ದ ಹದಿನೆಂಟೂ ಪೇಪರುಗಳ ವಿಧಾನದ ಭಾಗವನ್ನು ಅಕ್ಷರ ಬಿಡದೆ ಓದತೊಡಗಿದಳು. ಗುಟ್ಟು ಎರಡನೆಯ ದಿನ ಬಿಚ್ಚಿಕೊಂಡಿತು. ಐವತ್ತೆಂಟರವರು ಹೆಕ್ಟೇರಿಗೆ ಬಂದ ಐದು ಸಾವಿರದ ಎಂಟುನೂರು ಕಿಲೋ ಇಳುವರಿಯನ್ನು ಹಾಕಿದ ನೂರು ಕಿಲೋ ಸಾರಜನಕದಿಂದ ಹಾಗೇ ಭಾಗಿಸಿದ್ದರು. ಇಪ್ಪತ್ತೆರಡರವರು ಮೊದಲು ಸಾರಜನಕವನ್ನೇ ಹಾಕದ ತಾಕಿನ, ಅಂದರೆ ಹೊಲದ ತುಂಡಿನ, ಇಳುವರಿ ಕಳೆದು, ಆಮೇಲೆ ಭಾಗಿಸಿದ್ದರು. ನೆಲ ತಾನೇ ಕೊಟ್ಟದ್ದನ್ನು ಗೊಬ್ಬರದ ಹೆಸರಿಗೆ ಬರೆಯಬಾರದಲ್ಲ!

ಅಳತೆಗೋಲು ಬೇರೆಯಾದವನ್ನು ಬೇರೆ ಬೇರೆ ಕೋಷ್ಟಕಕ್ಕೆ ಹಾಕಿದಳು. ಎರಡನೆಯ ದಾರಿಯಲ್ಲೂ ಲೆಕ್ಕ ಸಿಗಬಹುದಾದವಕ್ಕೆ ತಾನೇ ಕೂತು ಲೆಕ್ಕ ಹಾಕಿ, ಹಾಗೆ ಹಾಕಿದ್ದು ತಾನೆಂದು ಅಡಿಟಿಪ್ಪಣಿ ಬರೆದಳು. ಒಂದು ಪೇಪರು ಮಾತ್ರ ಈ ಲೆಕ್ಕಕ್ಕೆ ಸಿಗಲಿಲ್ಲ. ಅದರ ಪ್ರಯೋಗದಲ್ಲಿ ಸಾರಜನಕವಿಲ್ಲದ ತಾಕೇ ಇರಲಿಲ್ಲ. ಬರೆದವರ ಹೆಸರು ನೋಡಿದಳು. ಗೈಡ್ ಮೇಷ್ಟ್ರೇ, ಇಪ್ಪತ್ತು ವರ್ಷದ ಹಿಂದೆ.

ರೂಮಿನ ಗೆಳತಿ ಕೇಳಿ ಹೌಹಾರಿದಳು. ಆ ಪೇಪರನ್ನು ಸುಮ್ಮನೆ ಬಿಟ್ಟುಬಿಡಿ, ಯಾರು ಕೇಳ್ತಾರೆ ಎಂದಳು. "ಸಹಿ ಹಾಕೋ ಕೈಗೇ ಚಿವುಟ್ತೀರಾ ಅಕ್ಕ?"

"ಬೇರೆಯವರದ್ದಾಗಿದ್ರೆ ಬರೀತಿದ್ದೆ ತಾನೆ? ಇವರದ್ದೂ ಬರೀತೀನಿ."

ಒಂಬತ್ತನೆಯ ದಿನ, ತಿದ್ದಿದ ಅಧ್ಯಾಯದೊಂದಿಗೆ ಪ್ರಬಂಧ ಮೇಷ್ಟ್ರ ಮೇಜಿಗೆ ಬಂತು. ‘ಸಾರಜನಕರಹಿತ ತಾಕು ಇಲ್ಲದ ಕಾರಣ ಈ ಅಧ್ಯಯನವನ್ನು ಎರಡನೆಯ ಕೋಷ್ಟಕದಲ್ಲಿ ಸೇರಿಸಿಲ್ಲ’ ಎಂಬ ಸಾಲಿಗೆ ಬಂದಾಗ ಅವರ ಪೆನ್ಸಿಲು ನಿಂತಿತು. ಅಕ್ಕ ಎದುರಿನ ಕುರ್ಚಿಯಲ್ಲಿ ಅಲುಗಾಡದೆ ಕೂತಿದ್ದಳು. ಅವರು ಹಿಂದಿನ ಪುಟಕ್ಕೆ ಹೋದರು, ಮತ್ತೆ ಬಂದರು.

"ಆಗ ನಂಗೆ ಕೊಟ್ಟಿದ್ದ ಜಾಗ ಅಂಗೈಯಗಲ ಕಣಮ್ಮ. ಒಂದು ತಾಕು ಬಿಟ್ಟೆ," ಎಂದರು. ಆ ಸಾಲನ್ನು ಇನ್ನೊಮ್ಮೆ ಓದಿ, "ಬಿಡಬಾರದಿತ್ತು," ಎಂದರು.

ಪೆನ್ಸಿಲು ಕೆಳಗಿಟ್ಟು, ಜೇಬಿನಿಂದ ಶಾಯಿಯ ಪೆನ್ನು ತೆಗೆದರು.