ಗಾಳಿಗೆ ಕಟ್ಟುವ ಬಾಡಿಗೆ

ಟೇಪಣ್ಣ ಮೊಣಕಾಲಿಗೆ ಕೈ ಊರಿ ಕುಳಿತ. ಮಧ್ಯಾಹ್ನದಿಂದ ಹೀಗೆ ಕೂತು ಏಳುವುದೇ ಆಗಿತ್ತು. ಮುಂದೆ ನಲವತ್ತು ರಟ್ಟಿನ ಪೆಟ್ಟಿಗೆಗಳು. ಒಂದೊಂದರ ಮುಚ್ಚಳವೂ ಪೂರಿಯಂತೆ ಉಬ್ಬಿತ್ತು. ಉಬ್ಬಿನ ತುತ್ತತುದಿಗೆ ಅಡ್ಡಪಟ್ಟಿ ಇಟ್ಟು, ಅಲ್ಲಿಂದ ನೆಲದವರೆಗೆ ಟೇಪು ಎಳೆದ.

ಬಂದರಿನ ಪಕ್ಕದ ಈ ಗೋದಾಮಿಗೆ ಬರುವುದು ಇಡೀ ಕಂಟೇನರ್ ತುಂಬಿಸಲಾಗದವರ ಸರಕು. ಹತ್ತಾರು ಜನರದ್ದನ್ನು ಒಟ್ಟುಗೂಡಿಸಿ ಒಂದು ಕಂಟೇನರ್ ತುಂಬುತ್ತಾರೆ. ಯಾರ ಸರಕು ಎಷ್ಟು ಜಾಗ ಹಿಡಿಯಿತೋ ಅಷ್ಟಕ್ಕೆ ಬಾಡಿಗೆ, ಘನ ಮೀಟರಿನ ಲೆಕ್ಕದಲ್ಲಿ. ಒಂದು ಘನ ಮೀಟರಿಗೆ ಒಂದು ಟನ್ನು ಮೀರಿದರೆ ಮಾತ್ರ ತೂಕದ ಲೆಕ್ಕ. ಆ ಜಾಗವನ್ನು ಅಳೆಯುವುದು ಟೇಪಣ್ಣನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಹೊಸ ಬೀರು ಕೊಂಡ ದಿನ ಅದನ್ನೂ ಅಳೆಯಹೊರಟಾಗ ಹೆಂಡತಿ, "ಮನೇಲಾದ್ರೂ ಆ ಟೇಪನ್ನ ಜೇಬಲ್ಲಿಡ್ರಿ" ಎಂದಿದ್ದಳು.

"ಅರವತ್ತೊಂದು, ನಲವತ್ಮೂರು, ನಲವತ್ತೇಳು," ಎಂದ.

ಪೆಟ್ಟಿಗೆಗಳ ಒಡತಿ ಕುಶನ್ ಹೊಲಿಯುವ ಹೆಂಗಸು. ಜೊತೆಗೆ ಅತ್ತೆಯೂ ಬಂದಿದ್ದರು. "ಇಲ್ಲ ಸಾರ್, ಅರವತ್ತು, ನಲವತ್ತು, ನಲವತ್ತು. ಪೆಟ್ಟಿಗೆ ಮಾಡಿದವರೇ ಬರೆದುಕೊಟ್ಟಿದ್ದಾರೆ," ಎಂದಳು ಒಡತಿ.

"ಅವರು ಒಳಗಿನ ಅಳತೆ ಹೇಳ್ತಾರಮ್ಮ. ರಟ್ಟಿಗೂ ದಪ್ಪ ಇರುತ್ತಲ್ಲ. ಹಡಗಿನವರಿಗೆ ಬೇಕಾಗಿರೋದು ಹೊರಗಿನದು, ಅದೂ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ."

ಆಕೆ ಮೊಬೈಲಿನಲ್ಲಿ ಗುಣಿಸಿದಳು. ಪೆಟ್ಟಿಗೆಗೆ ೦.೦೯೬ ಘನ ಮೀಟರ್ ಎಂದು ಹಿಡಿದಿದ್ದಳು, ನಲವತ್ತಕ್ಕೆ ೩.೮೪. ಈಗ ಪೆಟ್ಟಿಗೆಗೆ ೦.೧೨೩ ದಾಟಿತ್ತು; ಒಟ್ಟು ೪.೯೩. ಹಡಗಿನ ಬಾಡಿಗೆಯೂ ಸೇರಿ ಇಷ್ಟು ಎಂದು ವಿದೇಶದ ಅಂಗಡಿಯವನಿಗೆ ಒಂದೇ ಬೆಲೆ ಒಪ್ಪಿಕೊಂಡಾಗಿತ್ತು. ಹೆಚ್ಚಾದ ಒಂದು ಘನ ಮೀಟರಿನ ಬಾಡಿಗೆ ಎಂದರೆ ಈ ಆರ್ಡರಿನಲ್ಲಿ ಅವಳಿಗೆ ಸಿಗಬೇಕಿದ್ದ ಲಾಭವೆಲ್ಲ.

"ಸ್ವಲ್ಪ ಕಮ್ಮಿ ಬರೀರಿ ಸಾರ್. ಐದೇ ಸೆಂಟಿಮೀಟರ್."

"ನಾನು ಕಮ್ಮಿ ಬರೆದ್ರೆ ಪೆಟ್ಟಿಗೆ ನಾಚಿಕೊಂಡು ಸಣ್ಣಗಾಗುತ್ತಾ? ನಾಳೆ ತುಂಬೋವಾಗ ಇನ್ನೊಬ್ಬರ ಮಾಲು ಹೊರಗೆ ಉಳಿಯುತ್ತೆ. ಆಮೇಲೆ ನನ್ನ ಕರೀತಾರೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದೇ ಮಾತನ್ನು ವಾರಕ್ಕೆ ನಾಲ್ಕು ಸಲ ಹೇಳಿ ಹೇಳಿ ಅದು ಸವೆದುಹೋಗಿತ್ತು.

ಅತ್ತೆಗೆ ನಿಂತು ಸಾಕಾಗಿತ್ತು. ಹತ್ತಿರದ ಪೆಟ್ಟಿಗೆಯ ಮೇಲೆ ಕುಳಿತರು. ಅದು ತಗ್ಗಲಿಲ್ಲ; ಅವರನ್ನೇ ಮೆಲ್ಲಗೆ ಮೇಲೆತ್ತಿತು. "ಏನೇ ಇದು, ನನ್ನ ಭಾರಕ್ಕೂ ಜಗ್ಗಲ್ಲ ಅನ್ನುತ್ತೆ! ಹತ್ತಿ ತುಂಬಿದ್ಯಾ, ಬಲೂನಾ?"

"ಹತ್ತಿ ಎಲ್ಲಿ ಬಂತಜ್ಜಿ," ಎಂದ ಟೇಪಣ್ಣ ಮುಂದಿನ ಪೆಟ್ಟಿಗೆಯತ್ತ ಹೊರಳುತ್ತ, "ನೀವು ಗಾಳಿಗೆ ಬಾಡಿಗೆ ಕಟ್ತಾ ಇದ್ದೀರಿ."

ತಮಾಷೆಗೆಂದೇ ಅಂದದ್ದು. ಸೊಸೆ ಮಾತ್ರ ಥಟ್ಟನೆ ಒಂದು ಪೆಟ್ಟಿಗೆಯ ಅಂಟುಪಟ್ಟಿ ಕಿತ್ತಳು. ಒಳಗೆ ಹನ್ನೆರಡು ಕುಶನ್. ತೇವ ತಾಗದಿರಲೆಂದು ಒಂದೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿಯನ್ನು ಬಿಸಿ ಮಾಡಿ ಬೆಸೆದಿದ್ದಳು. ಗಾಳಿ ಹೊರಹೋಗಲು ಒಂದು ತೂತೂ ಇರಲಿಲ್ಲ. ಕೈಚೀಲದಿಂದ ಸೂಜಿ ತೆಗೆದು ಒಂದಕ್ಕೆ ಚುಚ್ಚಿ ಒತ್ತಿದಳು. ಬುಸ್ಸೆಂದಿತು.

"ಚುಚ್ಚು ಮಾತಿನಲ್ಲಿ ನಾನು ನಿನಗಿಂತ ಜೋರು," ಎಂದರು ಅತ್ತೆ, "ಇನ್ನೊಂದು ಸೂಜಿ ಕೊಡು."

"ಗೇಟು ಮುಚ್ಚೋಕೆ ಮುಂಚೆ ಮತ್ತೆ ಅಳೀಬಹುದಾ ಸಾರ್?" ಎಂದು ಸೊಸೆ ಕೇಳಿದಳು.

ಅಳೆಯಬಹುದಿತ್ತು. ನಿಯಮವೇ ಇದೆ: ಕಂಟೇನರಿಗೆ ತುಂಬುವ ಮುನ್ನ ಒಂದು ಸಲ ಮರುಅಳತೆ. ಆದರೆ ಅವನ ಪಾಳಿ ಮುಗಿಯುತ್ತಿತ್ತು. ಮೊಣಕಾಲು ಮನೆಯ ಕಡೆಗೆ ಎಳೆಯುತ್ತಿತ್ತು. ಟೇಪಣ್ಣ ಬಾಗಿಲಾಚೆಯ ಬಸ್ಸಿನ ನಿಲ್ದಾಣವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದ. "ಮಾಡ್ಕೊಳ್ಳಿ," ಎಂದು ಮಗುಚಿದ ಬಕೆಟಿನ ಮೇಲೆ ಕುಳಿತ.

ಅತ್ತೆ ಚುಚ್ಚಿದರು, ಸೊಸೆ ಒತ್ತಿ ತೂತಿಗೆ ಅಂಟುಪಟ್ಟಿ ಹಚ್ಚಿ ಪೆಟ್ಟಿಗೆ ಮತ್ತೆ ಮುಚ್ಚಿದಳು. ಕತ್ತಲಾಗುತ್ತ ಬಂದಾಗ ಮುಚ್ಚಳಗಳೆಲ್ಲ ಸಮತಟ್ಟಾಗಿದ್ದವು. ಇಬ್ಬರ ಕೂದಲೂ ಬೆವರಿಗೆ ಅಂಟಿಕೊಂಡಿತ್ತು. ಟೇಪಣ್ಣ ಮತ್ತೆ ಬಗ್ಗಿ ಅಲ್ಲೊಂದು ಇಲ್ಲೊಂದು ಆರಿಸಿ ಅಳೆದ.

"ಅರವತ್ತೊಂದು, ನಲವತ್ತೊಂದು, ನಲವತ್ತೆರಡು. ಪೆಟ್ಟಿಗೆಗೆ ೦.೧೦೫."

ಒಟ್ಟು ೪.೨೦.

"ಇನ್ನೂ ಜಾಸ್ತಿನೇ," ಎಂದಳು ಆಕೆ.

"ಅದು ರಟ್ಟಿಂದು. ರಟ್ಟಿಗೆ ಸೂಜಿ ಚುಚ್ಚಿ ಪ್ರಯೋಜನ ಇಲ್ಲ."

ಲಾಭದ ಸುಮಾರು ಮೂರನೇ ಒಂದು ಪಾಲು ಹೋಯಿತು, ಉಳಿದದ್ದು ಉಳಿಯಿತು. ಆಕೆ ಸಹಿ ಹಾಕಿದಳು. ಅತ್ತೆ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿದರು.

ಅವನು ಹತ್ತಬೇಕಿದ್ದ ಬಸ್ಸು ಹೋಗಿಯಾಗಿತ್ತು. ಬೆಳಿಗ್ಗೆ ಕಂಟೇನರ್ ತುಂಬುತ್ತಾರೆ. ಅದಕ್ಕೆ ಮುನ್ನ ಟೇಪಣ್ಣ ಇನ್ನೊಬ್ಬರ ಮೂವತ್ತು ಪೆಟ್ಟಿಗೆ ಅಳೆಯಬೇಕು.